ಮೂರು ಸಾಲ, ಒಂದು ಸಾಲ: 17,587 ರೂಪಾಯಿಯ ಕಂತು 6,399ಕ್ಕೆ ಇಳಿದಾಗ ನಿಜವಾಗಿ ಉಳಿಯುವುದೆಷ್ಟು?

ವಿಜಯನಗರದ ದರ್ಶಿನಿಯೊಂದರಲ್ಲಿ ಕಾಫಿ ಆರುವ ಮೊದಲೇ ಬ್ಯಾಂಕಿನ ಮಾರಾಟ ಪ್ರತಿನಿಧಿ ತನ್ನ ವಿಸಿಟಿಂಗ್ ಕಾರ್ಡಿನ ಹಿಂಬದಿಯಲ್ಲಿ ಎರಡು ಅಂಕಿಗಳನ್ನು ಬರೆದ. ಮೇಲೆ 17,587, ಅದು ನನ್ನ ಮೂರು ಸಾಲಗಳಿಗೆ ತಿಂಗಳಿಗೆ ಕಟ್ಟುವ ಒಟ್ಟು ಕಂತು. ಕೆಳಗೆ 6,399, ಮೂರನ್ನೂ ತೀರಿಸಿ ಅವನ ಬ್ಯಾಂಕಿನಲ್ಲಿ ಒಂದೇ ಸಾಲ ಮಾಡಿಕೊಂಡರೆ ಬರುವ ಕಂತು. ‘ಸಾರ್, ತಿಂಗಳಿಗೆ ಹನ್ನೊಂದು ಸಾವಿರ ನಿಮ್ಮ ಕೈಯಲ್ಲೇ ಉಳಿಯುತ್ತದೆ’ ಎಂದ. ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಎಷ್ಟು ತಿಂಗಳು ಎನ್ನುವುದನ್ನು ಮಾತ್ರ ಕಾರ್ಡಿನ ಮೇಲೆ ಬರೆದಿರಲಿಲ್ಲ.

ನನಗಿದ್ದ ಸಾಲಗಳು ಇವು. ಬ್ಯಾಂಕಿನ ವೈಯಕ್ತಿಕ ಸಾಲದಲ್ಲಿ ಶೇ 16ರ ಬಡ್ಡಿಗೆ 1,50,000 ರೂಪಾಯಿ ಅಸಲು ಬಾಕಿ. ತಿಂಗಳಿಗೆ 8,594ರಂತೆ ಇನ್ನು 20 ಕಂತು. ಸ್ಕೂಟರ್ ಸಾಲದಲ್ಲಿ ಶೇ 12ಕ್ಕೆ 48,000 ಬಾಕಿ. 3,261ರಂತೆ 16 ಕಂತು. ಮೊಬೈಲ್ ಆ್ಯಪ್ ಮೂಲಕ ಪಡೆದದ್ದು ಎಲ್ಲಕ್ಕಿಂತ ದುಬಾರಿ: ಶೇ 26ಕ್ಕೆ 60,000 ಬಾಕಿ, 5,732ರಂತೆ 12 ಕಂತು. ಮೂರರ ಬಾಕಿ ಅಸಲು 2,58,000. ಏನೂ ಮಾಡದೆ ಕಟ್ಟಿಕೊಂಡು ಹೋದರೆ ಕೊನೆಯವರೆಗೆ ನನ್ನ ಕೈಯಿಂದ ಹೋಗುವ ಒಟ್ಟು ಹಣ 2,92,840. ಬೇರೆ ಯಾವ ದಾರಿ ಅಗ್ಗ ಎನ್ನುವುದಿದ್ದರೂ ಅದನ್ನು ಅಳೆಯಬೇಕಾದದ್ದು ಈ ಮೊತ್ತದ ಎದುರಿಗೆ, 17,587ರ ಎದುರಿಗಲ್ಲ.

ಕಾರ್ಡಿನಲ್ಲಿ ಕಾಣದ ಇನ್ನೊಂದು ವಿಷಯವಿದೆ. 17,587 ಎನ್ನುವುದು ಸ್ಥಿರವಾದ ಹೊರೆಯಲ್ಲ. ಹನ್ನೆರಡು ತಿಂಗಳಿಗೆ ಆ್ಯಪ್ ಸಾಲ ಮುಗಿದು ಅದು 11,855ಕ್ಕೆ ಇಳಿಯುತ್ತದೆ. ಇನ್ನು ನಾಲ್ಕು ತಿಂಗಳಿಗೆ ಸ್ಕೂಟರ್ ಸಾಲವೂ ತೀರಿ 8,594 ಆಗುತ್ತದೆ. ಇಪ್ಪತ್ತು ತಿಂಗಳಿಗೆ ಸೊನ್ನೆ. ಒಂದಾದ ಸಾಲದ 6,399 ಮಾತ್ರ ಅರವತ್ತನೆಯ ತಿಂಗಳಿನವರೆಗೂ ಕದಲುವುದಿಲ್ಲ.

ಲೆಕ್ಕಕ್ಕೆ ಕೂರುವ ಮೊದಲು ಮೂರೂ ಕಡೆಯಿಂದ ಫೋರ್‌ಕ್ಲೋಷರ್ ಪತ್ರ ತರಿಸಿಕೊಂಡೆ. ಇವತ್ತೇ ಸಾಲ ಮುಗಿಸುವುದಾದರೆ ಎಷ್ಟು ಕಟ್ಟಬೇಕು, ಅದು ಯಾವ ದಿನಾಂಕದವರೆಗೆ ಊರ್ಜಿತ, ಆಮೇಲೆ ದಿನಕ್ಕೆಷ್ಟು ಬಡ್ಡಿ ಎಂಬುದೆಲ್ಲ ಅದರಲ್ಲಿರುತ್ತದೆ. ಅವಧಿಗೆ ಮುನ್ನ ಮುಗಿಸುವುದಕ್ಕೆ ಮೂವರೂ ಶುಲ್ಕ ಕೇಳಿದ್ದರು: ಬ್ಯಾಂಕು ಮತ್ತು ಆ್ಯಪ್ ಸಾಲಕ್ಕೆ ಬಾಕಿ ಅಸಲಿನ ಶೇ 3, ಸ್ಕೂಟರಿಗೆ ಶೇ 5, ಅದರ ಮೇಲೆ ಶೇ 18ರ ಜಿಎಸ್‌ಟಿ. ಒಟ್ಟು 10,266 ರೂಪಾಯಿ. ಹೊಸ ಸಾಲದ ಪ್ರೊಸೆಸಿಂಗ್ ಶುಲ್ಕ ಜಿಎಸ್‌ಟಿ ಸೇರಿ 6,490. ಹೀಗಾಗಿ 2,58,000ದ ಸಾಲ ತೀರಿಸಲು ನಾನು ಪಡೆಯಬೇಕಾಗಿದ್ದದ್ದು 2,75,000. ಜೊತೆಗೆ ಅಂಟಿಸಲು ಬಂದ ವಿಮೆಯನ್ನು ಬೇಡವೆಂದೆ. ಅದು ಕಡ್ಡಾಯವಲ್ಲ ಎಂದು ಎರಡು ಸಲ ಕೇಳಿದ ಮೇಲೆ ಒಪ್ಪಿಕೊಂಡರು.

ಈಗ ಹೋಲಿಕೆ. ಹೊಸ ಸಾಲದ ಬಡ್ಡಿ ಶೇ 14. ಐದು ವರ್ಷಕ್ಕೆ ಪಡೆದರೆ ಒಟ್ಟು ಕಟ್ಟುವುದು 3,83,940, ಅಂದರೆ ಹಳೆಯ ದಾರಿಗಿಂತ 91,100 ಹೆಚ್ಚು. ಇದು ಹೆಚ್ಚು ಕಾಲ ಹಣ ಇಟ್ಟುಕೊಂಡದ್ದಕ್ಕೆ ತೆರುವ ಬೆಲೆ. ಅದು ಎಲ್ಲರೂ ಊಹಿಸುವಂಥದ್ದೇ. ನನಗೆ ಅಚ್ಚರಿ ತಂದದ್ದು ಎರಡನೆಯ ಲೆಕ್ಕ. ಅವಧಿಯನ್ನು 18 ತಿಂಗಳಿಗೆ ಇಳಿಸಿದರೆ ಕಂತು 17,027, ಒಟ್ಟು 3,06,486. ಆಗಲೂ 13,646 ಹೆಚ್ಚು! ಬಡ್ಡಿ ದರವೂ ಕಡಿಮೆ, ಸಾಲವೂ ಎರಡು ತಿಂಗಳು ಮೊದಲೇ ತೀರುತ್ತದೆ, ಆದರೂ ಖರ್ಚು ಜಾಸ್ತಿ. ಕಾರಣ ಇಷ್ಟೇ: ಮೊದಲ ದಿನವೇ ಹೋಗುವ ಹದಿನಾರು ಸಾವಿರ ಚಿಲ್ಲರೆ ಶುಲ್ಕವನ್ನು ಬಡ್ಡಿಯ ಉಳಿತಾಯದಿಂದ ತುಂಬಿಕೊಳ್ಳಲು ಹದಿನೆಂಟು ತಿಂಗಳು ಸಾಲುವುದಿಲ್ಲ. ಸರಿಸಮ ಆಗಬೇಕಾದರೆ ಹೊಸ ಸಾಲ ಸುಮಾರು ಶೇ 8ಕ್ಕೆ ಸಿಗಬೇಕಿತ್ತು. ಅಡಮಾನವಿಲ್ಲದ ಸಾಲವನ್ನು ಆ ದರಕ್ಕೆ ನನ್ನಂಥವನಿಗೆ ಯಾರು ಕೊಡುತ್ತಾರೆ?

ಶುಲ್ಕಗಳೂ ಸೇರಿ ನಿಜವಾಗಿ ಬೀಳುವ ಬಡ್ಡಿ ದರ ಎಷ್ಟೆಂದು ಯಾರು ಬೇಕಾದರೂ ಮೊಬೈಲಿನ ಸ್ಪ್ರೆಡ್‌ಶೀಟ್‌ನಲ್ಲೇ ನೋಡಿಕೊಳ್ಳಬಹುದು:

```
=RATE(60,-6399,258000)*12
```

ಇಲ್ಲಿ ಮೂರನೆಯ ಅಂಕಿ ಮುಖ್ಯ. ಅಲ್ಲಿ ಹೊಸ ಸಾಲದ 2,75,000 ಹಾಕಬಾರದು. ನಿಜವಾಗಿ ತೀರಿದ ಹಳೆಯ ಅಸಲು 2,58,000 ಹಾಕಬೇಕು. ಆಗ ಶೇ 14 ಎಂದದ್ದು ಸುಮಾರು ಶೇ 16.9 ಎಂದು ಕಾಣುತ್ತದೆ. 60ರ ಜಾಗದಲ್ಲಿ 18, 6399ರ ಜಾಗದಲ್ಲಿ 17027 ಹಾಕಿದರೆ ಸುಮಾರು ಶೇ 22.5.

2024ರ ಅಕ್ಟೋಬರ್ 1ರಿಂದ ಬ್ಯಾಂಕುಗಳೂ ಹಣಕಾಸು ಕಂಪನಿಗಳೂ ಇಂಥ ಹೊಸ ಸಾಲಗಳಿಗೆ ‘ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್’ ಎಂಬ ಹಾಳೆ ಕೊಡಲೇಬೇಕೆಂದು ರಿಸರ್ವ್ ಬ್ಯಾಂಕ್ ವಿಧಿಸಿದೆ. ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲೇ ಕೊಡಬೇಕು. ಕೇಳಿದ ಮೇಲೆ ನನಗೆ ಕನ್ನಡದ್ದು ಬಂತು. ಶುಲ್ಕಗಳನ್ನೂ ಸೇರಿಸಿದ ವಾರ್ಷಿಕ ದರ, ಅಂದರೆ ಎಪಿಆರ್, ಅದರಲ್ಲಿರುತ್ತದೆ. ಐದು ವರ್ಷದ ಸಾಲಕ್ಕೆ ಶೇ 15.1 ಎಂದಿತ್ತು. ತಪ್ಪಲ್ಲ, ಆದರೆ ಅದು ಹೊಸ ಸಾಲದ ಖರ್ಚನ್ನಷ್ಟೇ ಬಲ್ಲದು. ಹಳೆಯ ಮೂವರಿಗೆ ನಾನು ತೆರುವ 10,266 ಅದರ ಲೆಕ್ಕಕ್ಕೆ ಬರುವುದಿಲ್ಲ. ಆ ಅಂತರವನ್ನು ನಾವೇ ಸೇರಿಸಿಕೊಳ್ಳಬೇಕು.

‘ಐದು ವರ್ಷಕ್ಕೆ ತೆಗೆದುಕೊಳ್ಳಿ, ದುಡ್ಡಾದಾಗ ಬೇಗ ಮುಗಿಸಿ’ ಎಂಬ ಸಲಹೆಯೂ ಬಂತು. ಅದೇ ಹಾಳೆಯ ಪ್ರಕಾರ ಮೊದಲ 12 ಕಂತು ಮುಗಿಯುವವರೆಗೆ ಸಾಲ ಮುಚ್ಚುವಂತಿಲ್ಲ, ಆಮೇಲೆ ಶೇ 4 ಶುಲ್ಕ. ಮೂರು ಕಡೆ ಮುಗಿಸುವ ಶುಲ್ಕ ತೆತ್ತು ಬಂದವನಿಗೆ ಮತ್ತೊಂದು ಮುಗಿಸುವ ಶುಲ್ಕ.

ಕೊನೆಗೆ ನಾನು ಹಿಡಿದದ್ದು ಮೂರನೆಯ ದಾರಿ. ಮೂರನ್ನೂ ಒಂದು ಮಾಡದೆ, ಶೇ 26ರದ್ದನ್ನು ಮಾತ್ರ ಕಿತ್ತುಹಾಕಿದೆ. ಹೆಂಡತಿಯ ಎರಡು ಬಳೆ ಇಟ್ಟು ಬ್ಯಾಂಕಿನಲ್ಲಿ ಶೇ 10ಕ್ಕೆ 62,500 ಒಡವೆ ಸಾಲ ತಂದು, ಆ್ಯಪ್ ಸಾಲವನ್ನೂ ಅದರ ಶುಲ್ಕವನ್ನೂ ತೀರಿಸಿದೆ. ಅಲ್ಲಿ ಬೇಗ ಮುಗಿಸಿದರೆ ಶುಲ್ಕವಿಲ್ಲ. ತಿಂಗಳಿಗೆ ಅದೇ 5,732 ಕಟ್ಟಿದರೆ ಹನ್ನೊಂದು ಕಂತು ಮತ್ತು ಕೊನೆಗೊಂದು ಸಣ್ಣ ಮೊತ್ತಕ್ಕೆ ಸಾಲ ತೀರುತ್ತದೆ. ಉಳಿತಾಯ ಸುಮಾರು 3,000 ರೂಪಾಯಿ. ಹೇಳಿಕೊಳ್ಳುವಂಥ ಮೊತ್ತವಲ್ಲ, ಆದರೆ ನಾನು ನೋಡಿದ ದಾರಿಗಳಲ್ಲಿ ನಿಜವಾಗಿ ಖರ್ಚು ಇಳಿಸಿದ್ದು ಇದೊಂದೇ. ಬಳೆ ಒಂದು ವರ್ಷ ಬ್ಯಾಂಕಿನ ತಿಜೋರಿಯಲ್ಲಿರುತ್ತದೆ ಎಂಬುದನ್ನು ಮನೆಯಲ್ಲಿ ಒಪ್ಪಿಸುವುದು ಲೆಕ್ಕಕ್ಕಿಂತ ಕಷ್ಟದ ಕೆಲಸ.

ಹಾಗೆಂದು ಸಾಲ ಒಂದುಗೂಡಿಸುವುದನ್ನು ನಾನು ಬೈಯುವುದಿಲ್ಲ. ನನ್ನ ಸಹೋದ್ಯೋಗಿಯೊಬ್ಬರಿಗೆ ಪ್ರತಿ ತಿಂಗಳೂ ಒಂದಲ್ಲ ಒಂದು ಕಂತು ಬೌನ್ಸ್ ಆಗುತ್ತಿತ್ತು, ಅದಕ್ಕೆ ದಂಡ ಬೇರೆ. ಅವರು ಒಂದುಗೂಡಿಸಿದ್ದು ಅಗ್ಗವಾಗಲೆಂದಲ್ಲ, ಉಸಿರಾಡಲು. ಅವರಿಗಾದ ತೊಂದರೆ ಬೇರೆಯದು: ಹೊಸ ಸಾಲದ ಹಣ ಹಳೆಯ ಕಂಪನಿಗೆ ಜಮೆಯಾಗುವುದರೊಳಗೆ ಕಂತಿನ ದಿನ ಬಂದು, ಆ ತಿಂಗಳು ಹಳೆಯದೂ ಕಡಿತವಾಯಿತು. ಎರಡೂ ಕಡೆ ಬಡ್ಡಿ ಓಡಿದ ಕೆಲವು ದಿನಗಳದ್ದು ಹಿಂದಿರುಗಲಿಲ್ಲ. ಕಂತು ಕಡಿತವಾದ ಮರುದಿನವೇ ಫೋರ್‌ಕ್ಲೋಷರ್ ಪತ್ರ ಪಡೆದರೆ ಈ ಪೇಚು ತಪ್ಪುತ್ತದೆ. ಸ್ಕೂಟರ್ ಸಾಲ ತೀರಿಸುವವರು ನಿರಾಕ್ಷೇಪಣಾ ಪತ್ರದ ಜೊತೆ ಫಾರಂ 35ನ್ನೂ ಕೇಳಿ ಪಡೆಯಬೇಕು. ಆರ್‌ಟಿಒದಲ್ಲಿ ಆರ್‌ಸಿಯಿಂದ ಸಾಲ ಕೊಟ್ಟವರ ಹೆಸರು ತೆಗೆಸಲು ಅದು ಬೇಕು.

ಮುಗಿಸುವ ಶುಲ್ಕ ಇಲ್ಲದಿದ್ದಲ್ಲಿ ಚಿತ್ರವೇ ಬದಲಾಗುತ್ತದೆ. ನನ್ನದೇ ಲೆಕ್ಕದಲ್ಲಿ ಆ 10,266 ತೆಗೆದರೆ 18 ತಿಂಗಳ ದಾರಿಯ ಅಂತರ ಎರಡು ಸಾವಿರದೊಳಕ್ಕೆ ಬರುತ್ತದೆ. 2026ರ ಜನವರಿ 1ರಿಂದ ಮಂಜೂರಾಗುವ, ವ್ಯಾಪಾರಕ್ಕಲ್ಲದ ಫ್ಲೋಟಿಂಗ್ ದರದ ಸಾಲಗಳಿಗೆ ವ್ಯಕ್ತಿಗಳಿಂದ ಈ ಶುಲ್ಕ ಪಡೆಯುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ ಹೇಳಿದೆ. ಆದರೆ ವೈಯಕ್ತಿಕ ಸಾಲಗಳೂ ಸ್ಕೂಟರ್ ಸಾಲಗಳೂ ಹೆಚ್ಚಾಗಿ ಸ್ಥಿರ ದರದವು. ನಿಮ್ಮದು ಯಾವುದು ಎನ್ನುವುದು ಮಂಜೂರಾತಿ ಪತ್ರದಲ್ಲೇ ಇರುತ್ತದೆ.