ಆರು ಗಾಡಿಗಳ ಸ್ಪೇರ್ ಪಾರ್ಟ್ಸ್ ಲೆಕ್ಕಕ್ಕೆ ಗೂಗಲ್ ಶೀಟ್ಸ್: ಎರಡು ವರ್ಷ ಬಳಸಿದ ಮೇಲೆ

ಕಲಬುರಗಿಯಲ್ಲಿ ನಮ್ಮದು ಆರು ಗಾಡಿಗಳ ಸಣ್ಣ ಟ್ರಾನ್ಸ್‌ಪೋರ್ಟ್. ಕೆಲವು ಗಾಡಿಗಳು ತೊಗರಿ ಬೇಳೆ ಹೇರಿಕೊಂಡು ಹೈದರಾಬಾದ್, ಸೋಲಾಪುರ ಕಡೆ ಹೋಗುತ್ತವೆ. ಉಳಿದವು ಶಹಾಬಾದ್ ಕಡೆಯ ಖಣಿಗಳಿಂದ ಕಲ್ಲು ತರುತ್ತವೆ. ಇವುಗಳ ಸ್ಪೇರ್ ಪಾರ್ಟ್ಸ್ ಲೆಕ್ಕವನ್ನು ಎರಡು ವರ್ಷಕ್ಕೂ ಜಾಸ್ತಿ ಕಾಲದಿಂದ ಗೂಗಲ್ ಶೀಟ್ಸ್‌ನಲ್ಲಿ ಇಡುತ್ತಿದ್ದೇನೆ. ದುಡ್ಡು ಕೊಡಬೇಕಿಲ್ಲ, ಫೋನಿನಲ್ಲೂ ತೆರೆಯುತ್ತೆ, ಗೋದಾಮಿನ ಹುಡುಗ ಮತ್ತು ನಾನು ಒಟ್ಟಿಗೇ ಬರೆಯಬಹುದು. ಇಷ್ಟು ಎಲ್ಲರಿಗೂ ಗೊತ್ತು. ನಾನು ಹೇಳಬೇಕಾಗಿರುವುದು ಶೀಟನ್ನು ಹೇಗೆ ಕಟ್ಟಬೇಕು ಅನ್ನೋದನ್ನ.

ಮೊದಲು ನಾವು ಅಂಗಡಿಗಳವರು ಬಳಸುವಂಥ ಒಂದು ಸ್ಟಾಕ್ ಆ್ಯಪ್ ಇಟ್ಟುಕೊಂಡಿದ್ದೆವು. ಅದರಲ್ಲಿ ಪ್ರತಿ ಸಾಮಾನಿಗೂ ಒಂದು ಕನಿಷ್ಠ ಸಂಖ್ಯೆ ಹಾಕಬೇಕು. ಅದಕ್ಕಿಂತ ಕಡಿಮೆಯಾದರೆ ಎಚ್ಚರಿಸುತ್ತೆ. ಕಿರಾಣಿಗೆ ಅದು ಸಾಕು. ಗಾಡಿಗೆ ಸಾಲದು. ರ‍್ಯಾಕಿನಲ್ಲಿ ಒಂದು ಏರ್ ಫಿಲ್ಟರ್ ಇದೆ ಅಂತ ಗೊತ್ತಾದರೆ ಏನು ಪ್ರಯೋಜನ? ಅದು ಯಾವ ಗಾಡಿಗೆ ಕೂಡುತ್ತೆ, ಆ ಗಾಡಿಗೆ ಯಾವಾಗ ಬೇಕು, ಇವೆರಡೂ ಗೊತ್ತಾಗಬೇಕು ಅಲ್ವಾ?

ಅದಕ್ಕೆ ನಾನು ಪಾರ್ಟ್‌ಗಳಿಗೆ ಒಂದು ಶೀಟು, ಗಾಡಿಗಳಿಗೆ ಇನ್ನೊಂದು ಶೀಟು ಮಾಡಿ, ನಡುವೆ ‘ಜೋಡಿ’ ಅಂತ ಮೂರನೆಯದು ಇಟ್ಟಿದ್ದೇನೆ. ಅದರ ಒಂದೊಂದು ಸಾಲಿನಲ್ಲಿ ಒಂದು ಗಾಡಿ, ಅದಕ್ಕೆ ಕೂಡುವ ಒಂದು ಪಾರ್ಟ್. ಬದಲಿಸುವ ಅವಧಿ ಇರುವುದು ಈ ಸಾಲಿನಲ್ಲೇ. ಪಾರ್ಟ್ ಶೀಟಿನಲ್ಲಿ ಅವಧಿ ಬರೆದರೆ ಲೆಕ್ಕ ಕೆಡುತ್ತೆ. ಯಾಕೆಂದರೆ ಒಂದೇ ನಂಬರಿನ ಏರ್ ಫಿಲ್ಟರ್ ನಮ್ಮ ಮೂರು ಗಾಡಿಗಳಿಗೆ ಕೂಡುತ್ತೆ. ಹೈದರಾಬಾದ್ ಹೈವೇಯಲ್ಲಿ ಓಡುವ ಗಾಡಿಗೆ ನಾವು 20,000 ಕಿ.ಮೀ. ಇಟ್ಟಿದ್ದೇವೆ. ಖಣಿಯ ಧೂಳಿನಲ್ಲಿ ದುಡಿಯುವ ಗಾಡಿಗೆ 8,000. ಅಲ್ಲಿ ಫಿಲ್ಟರ್ ಬಿಚ್ಚಿದರೆ ಮಡಿಕೆ ಮಡಿಕೆಯಲ್ಲೂ ಬೂದು ಪುಡಿ ತುಂಬಿರುತ್ತೆ. ಮೇಸ್ತ್ರಿ ಯಾವಾಗಲೂ ಒಂದೇ ಮಾತು: “ಬಡದು ಹಾಕ್ತೀನ್ರೀ, ಇನ್ನೂ ಎರಡ್ ಟ್ರಿಪ್ ನಡೀತದ.” ಬಡಿದರೆ, ಇಲ್ಲವೇ ಜೋರಾಗಿ ಗಾಳಿ ಹೊಡೆದರೆ ಕಾಗದದಲ್ಲಿ ಸಣ್ಣ ಸೀಳು ಬೀಳುತ್ತೆ. ಆಮೇಲೆ ಧೂಳು ಸೀದಾ ಟರ್ಬೋಗೆ, ಇಂಜಿನ್ನಿಗೆ. ರ‍್ಯಾಕಿನಲ್ಲಿ ಹೊಸದು ಸಿದ್ಧವಿದ್ದರೆ ಬಡಿಯುವ ಮಾತೇ ಬರಲ್ಲ.

ಗಾಡಿಗಳ ಓಡೋಮೀಟರ್ ಲೆಕ್ಕ ಗೂಗಲ್ ಫಾರ್ಮ್‌ನಿಂದ ಬರುತ್ತೆ. ಡ್ರೈವರ್ ಡೀಸೆಲ್ ಹಾಕಿಸಿದಾಗ ಗಾಡಿ ನಂಬರ್, ಕಿ.ಮೀ., ಲೀಟರ್ ಹಾಕಿ ಕಳಿಸುತ್ತಾನೆ. ಅದು Odo ಅನ್ನುವ ಶೀಟಿನಲ್ಲಿ ಕೂರುತ್ತೆ. ಜೋಡಿ ಶೀಟಿನಲ್ಲಿ A ಗಾಡಿ, B ಪಾರ್ಟ್, C ಹೋದ ಸಲ ಬದಲಿಸಿದ ಕಿ.ಮೀ., D ಅವಧಿ, E ಬದಲಿಸಿದ ತಾರೀಖು, F ತಿಂಗಳ ಅವಧಿ, G ಈಗಿನ ಕಿ.ಮೀ., H ದಿನಕ್ಕೆ ಓಡುವ ಸರಾಸರಿ ಕಿ.ಮೀ. ಮೊದಲನೆಯ ಸೂತ್ರ G ಕಾಲಂಗೆ. ಎರಡನೆಯದು I ಕಾಲಂಗೆ, ಎಷ್ಟು ದಿನ ಉಳಿದಿದೆ ಅಂತ ತೋರಿಸಲು.

```
=MAXIFS(Odo!C:C, Odo!B:B, A2)
=MIN((C2+D2-G2)/H2, EDATE(E2,F2)-TODAY())
```

ಕಿ.ಮೀ. ಲೆಕ್ಕದ ದಿನ, ತಿಂಗಳ ಲೆಕ್ಕದ ದಿನ, ಇವೆರಡರಲ್ಲಿ ಯಾವುದು ಮೊದಲು ಬರುತ್ತೋ ಅದು ಸಿಗುತ್ತೆ. ಕೂಲೆಂಟ್, ಬ್ರೇಕ್ ಆಯಿಲ್‌ಗೆ ತಿಂಗಳ ಲೆಕ್ಕ ಬೇಕೇ ಬೇಕು. ತೊಗರಿ ಸೀಸನ್ ಮುಗಿದ ಮೇಲೆ ಗಾಡಿ ನಿಂತರೂ ಅವುಗಳ ವಯಸ್ಸು ನಿಲ್ಲುವುದಿಲ್ಲ. ಎರಡು ಎಚ್ಚರಿಕೆ ಹೇಳಬೇಕು. F ಖಾಲಿ ಬಿಟ್ಟರೆ ಅವಧಿ ಆಗಲೇ ಮುಗಿದಂತೆ ತೋರಿಸುತ್ತೆ, ಹಾಗಾಗಿ ತಿಂಗಳ ಮಿತಿ ಇಲ್ಲದ ಪಾರ್ಟ್‌ಗೆ 99 ಹಾಕಿ. ನಿಂತ ಗಾಡಿಗೆ H ಸೊನ್ನೆ ಆದರೆ ಸೂತ್ರ ತಪ್ಪು ತೋರಿಸುತ್ತೆ, ಅಲ್ಲಿ 1 ಹಾಕಿ.

ಈಗ ಏರ್ ಫಿಲ್ಟರನ್ನೇ ನೋಡೋಣ. ಹೈವೇ ಗಾಡಿಯಲ್ಲಿ 1,84,200ಕ್ಕೆ ಬದಲಿಸಿದ್ದು, ಈಗ 1,99,400. ಉಳಿದಿದ್ದು 4,800 ಕಿ.ಮೀ. ದಿನಕ್ಕೆ 300 ಓಡಿದರೆ 16 ದಿನ. ಖಣಿ ಗಾಡಿಯಲ್ಲಿ 92,600ಕ್ಕೆ ಬದಲಿಸಿದ್ದು, ಈಗ 99,800. ಉಳಿದಿದ್ದು 800. ಅದು ದಿನಕ್ಕೆ 90 ಓಡುತ್ತೆ, ಅಂದರೆ ಸುಮಾರು 9 ದಿನ. ಮೂರನೆಯದಕ್ಕೆ ಇನ್ನೂ ಒಂದು ತಿಂಗಳ ಮೇಲಿದೆ. ಹೈದರಾಬಾದಿನಿಂದ ಪಾರ್ಟ್ ತರಿಸಲು ನಾಲ್ಕೈದು ದಿನ ಬೇಕು. ನಮ್ಮ ಗಾಡಿಯೇ ಆ ಕಡೆ ಹೋಗುವಾಗ ತರಿಸೋಣ ಅಂದರೆ ಇನ್ನೂ ಜಾಸ್ತಿ. ಅದಕ್ಕೆ ನಾನು 20 ದಿನ ಮುಂದಕ್ಕೆ ನೋಡುತ್ತೇನೆ. ಆ 20 ದಿನದಲ್ಲಿ ಎರಡು ಫಿಲ್ಟರ್ ಬೇಕು, ರ‍್ಯಾಕಿನಲ್ಲಿರುವುದು ಒಂದು. ಒಂದು ತರಿಸಬೇಕು. ಹಳೆ ಆ್ಯಪ್‌ನಲ್ಲಿ ಇದಕ್ಕೆ ಕನಿಷ್ಠ 1 ಅಂತ ಇತ್ತು. ಅದು ಸುಮ್ನೆ ಕೂತಿರುತ್ತಿತ್ತು.

ಗಾಡಿಗೆ ಜೋಡಿಸುವಾಗ ಮಾಡೆಲ್ ಹೆಸರು ನಂಬಬೇಡಿ. 2020ರ ಏಪ್ರಿಲ್‌ನಿಂದ ಬಿಎಸ್6 ಬಂತು. ಹೆಸರು ಅದೇ ಇದ್ದರೂ ಬಿಎಸ್4 ಗಾಡಿಯ ಡೀಸೆಲ್ ಫಿಲ್ಟರ್ ಬಿಎಸ್6ಗೆ ಕೂಡದೇ ಇರಬಹುದು. ಇಂಜಿನ್ ಆಯಿಲ್ ದರ್ಜೆಯೂ ಬೇರೆ. ನಾನು ಗಾಡಿ ಶೀಟಿನಲ್ಲಿ ಛಾಸಿ ನಂಬರ್ ಪೂರ್ತಿ ಇಟ್ಟಿದ್ದೇನೆ. ಡೀಲರ್ ಕೌಂಟರಿನಲ್ಲಿ ಅದನ್ನು ಕೊಟ್ಟರೆ ಸರಿಯಾದ ಪಾರ್ಟ್ ನಂಬರ್ ಹೇಳುತ್ತಾರೆ. ಜೋಡಿ ಶೀಟಿಗೆ ಹೋಗಬೇಕಾದದ್ದು ಆ ನಂಬರ್.

ಈ ಏರ್ಪಾಡು ಎಲ್ಲಿ ಕೈಕೊಡುತ್ತೆ? ಓಡೋಮೀಟರ್‌ನಲ್ಲಿ. ಮೀಟರ್ ಕೆಟ್ಟು ನಿಂತರೆ ಕಿ.ಮೀ. ಲೆಕ್ಕದಲ್ಲಿ ಒಂದು ಪಾರ್ಟೂ ಹೊಸದಾಗಿ ಗಡುವಿಗೆ ಬರುವುದಿಲ್ಲ, ಹಸಿರಿದ್ದದ್ದು ಹಸಿರಾಗೇ ಇರುತ್ತೆ. ಇದನ್ನು ಹಿಡಿಯುವುದು ಡೀಸೆಲ್ ಲೆಕ್ಕ. ಲೀಟರ್ ಬರುತ್ತಿದೆ, ಕಿ.ಮೀ. ಕದಲುತ್ತಿಲ್ಲ ಅಂದರೆ ಮೀಟರ್ ನೋಡಬೇಕು. ಹೊಸ ಮೀಟರ್ ಹಾಕಿಸಿದರೆ ಸೊನ್ನೆಯಿಂದ ಶುರುವಾಗುತ್ತೆ. ಹಳೆ ಮೀಟರಿನ ಕೊನೆಯ ಅಂಕಿಯನ್ನು ಗಾಡಿ ಶೀಟಿನಲ್ಲಿ ಬರೆದಿಟ್ಟು, ಹೊಸ ಅಂಕಿಗೆ ಕೂಡಿಸುತ್ತಾ ಹೋಗಬೇಕು.

ಇನ್ನೊಂದು, ಡ್ರೈವರ್ ಒಂದು ಸೊನ್ನೆ ಜಾಸ್ತಿ ಒತ್ತಿಬಿಡುವುದು. 99,800 ಬದಲು 9,98,000. MAXIFS ಅತಿ ದೊಡ್ಡ ಅಂಕಿಯನ್ನೇ ಹಿಡಿಯುತ್ತೆ, ಹಾಗಾಗಿ ಮರುದಿನ ಸರಿಯಾದ ಅಂಕಿ ಬಂದರೂ ತಪ್ಪು ಹೋಗಲ್ಲ. ಗುರುತು ಸುಲಭ. ಒಂದೇ ಗಾಡಿಯ ಕಿ.ಮೀ. ಲೆಕ್ಕದ ಪಾರ್ಟ್‌ಗಳೆಲ್ಲ ಒಂದೇ ದಿನ ಕೆಂಪಾಗುತ್ತವೆ. Odo ಶೀಟಿಗೆ ಹೋಗಿ ಆ ಸಾಲು ತಿದ್ದಿದರೆ ಸರಿಯಾಗುತ್ತೆ. ಹಿಂದಿನ ಅಂಕಿಗಿಂತ 2,000 ಕಿ.ಮೀ. ಜಾಸ್ತಿ ಬಂದ ಸಾಲಿಗೆ ಬಣ್ಣ ಬರುವ ಹಾಗೆ ಮಾಡಿಟ್ಟಿದ್ದೇನೆ.

ದಾರಿಯಲ್ಲಿ ಗಾಡಿ ನಿಂತಾಗ ನಮ್ಮದೇ ಇನ್ನೊಂದು ಗಾಡಿಯಿಂದ ಪಾರ್ಟ್ ಬಿಚ್ಚಿ ಹಾಕುವುದುಂಟು. ಆಗ ಎರಡೂ ಗಾಡಿಗಳ ಸಾಲು ತಿದ್ದಬೇಕು. ಬಿಚ್ಚಿದ ಪಾರ್ಟ್ ಎಷ್ಟು ಓಡಿದೆಯೋ ಅಷ್ಟನ್ನು ಅದನ್ನು ಹಾಕಿದ ಗಾಡಿಯ ಈಗಿನ ಕಿ.ಮೀ.ಯಿಂದ ಕಳೆದು C ಕಾಲಂನಲ್ಲಿ ಬರೆಯಬೇಕು. ಈ ಕೆಲಸವನ್ನು ಶೀಟು ತಾನಾಗಿ ಮಾಡುವುದಿಲ್ಲ, ಕೇಳುವುದೂ ಇಲ್ಲ.

ಟಯರ್‌ಗಳಿಗೆ ಮಾತ್ರ ಈ ಜೋಡಿ ಶೀಟು ಹೊಂದುವುದಿಲ್ಲ. ಟಯರ್ ಮುಂದಿನಿಂದ ಹಿಂದಕ್ಕೆ ಹೋಗುತ್ತೆ, ರೀಟ್ರೆಡ್ ಆಗಿ ಬೇರೆ ಗಾಡಿಗೆ ಬರುತ್ತೆ. ಅದಕ್ಕೆ ಪ್ರತಿ ಟಯರಿನ ಮೇಲಿನ ಸೀರಿಯಲ್ ನಂಬರಿಗೆ ಒಂದು ಸಾಲು ಕೊಟ್ಟು, ಯಾವ ಗಾಡಿಯ ಯಾವ ಜಾಗಕ್ಕೆ ಎಷ್ಟು ಕಿ.ಮೀ.ಗೆ ಹಾಕಿದೆವು, ಎಷ್ಟಕ್ಕೆ ಬಿಚ್ಚಿದೆವು ಅಂತ ಬೇರೆಯದೇ ಶೀಟಿನಲ್ಲಿ ಬರೆಯುತ್ತಿದ್ದೇನೆ.