ತೆರೆಯ ಮೇಲೆ ಕೂತ ಬ್ಲೌಸ್ ಮೈಮೇಲೆ ಕೂರಲಿಲ್ಲ: 3ಡಿ ನೋಡಿ ನೇರ ಕತ್ತರಿ ಹಾಕಬೇಡಿ

ಶಿರಸಿಯ ಒಂದು ಹೊಲಿಗೆ ಘಟಕದಲ್ಲಿ ಒಂದೇ ಅಳತೆಯ 12 ಕಾಟನ್ ಬ್ಲೌಸ್ ಹಾಳಾದವು. ಉಡುಪನ್ನು 3ಡಿಯಲ್ಲಿ ತೋರಿಸುವ CLO ತಂತ್ರಾಂಶದಲ್ಲಿ ಪ್ಯಾಟರ್ನ್ ತುಂಡುಗಳನ್ನು ಜೋಡಿಸಿ, ತೆರೆಯ ಮೇಲಿನ ಗೊಂಬೆಗೆ ತೊಡಿಸಿ ನೋಡಿ, ಸ್ಯಾಂಪಲ್ ಹೊಲಿಯದೆ ಅಷ್ಟನ್ನೂ ಕತ್ತರಿಸಿದ್ದರು. ಹೊಲಿದ ಮೇಲೆ ಒಂದರ ಹುಕ್ಕೂ ಕೂಡಲಿಲ್ಲ.

ಎದೆ ಸುತ್ತಳತೆ 92 ಸೆಂ.ಮೀ. ಮೊದಲ ಪ್ಯಾಟರ್ನ್ 95 ಇತ್ತು, ಸರಿಯಾಗಿಯೇ ಇತ್ತು. ತೆರೆಯ ಮೇಲೆ ಸ್ವಲ್ಪ ಲೂಸ್ ಕಂಡಿತೆಂದು ಪಕ್ಕದ ನಾಲ್ಕೂ ಅಂಚುಗಳನ್ನು ಒಂದೂಕಾಲು ಸೆಂ.ಮೀ. ಒಳಕ್ಕೆ ಎಳೆದರು. ಅಲ್ಲಿಗೆ 90 ಆಯಿತು, ಅಂದರೆ ಮೈಗಿಂತಲೂ ಎರಡು ಸೆಂ.ಮೀ. ಚಿಕ್ಕದು. ಆದರೂ ಗೊಂಬೆಯ ಮೇಲೆ ಸುಕ್ಕಿಲ್ಲದೆ ಅಂದವಾಗಿ ಕೂತಿತು. ತಂತ್ರಾಂಶದ ಬಟ್ಟೆ ಹರಿಯುವುದಿಲ್ಲ, ಹೊಲಿಗೆ ಎಳೆದಷ್ಟೂ ಹಿಗ್ಗುತ್ತದೆ. ಹುಕ್ಕಿನ ಪಟ್ಟಿಗಳನ್ನೂ ಅಲ್ಲಿ ಸೀಮ್ ಹಾಕಿ ಮುಚ್ಚಿದ್ದರಿಂದ ಬಾಯಿ ಬಿಡುವ ಪ್ರಶ್ನೆಯೇ ಬರಲಿಲ್ಲ.

ಬಿಚ್ಚಿ ಸರಿಮಾಡೋಣವೆಂದರೆ ಒಳಗೆ ಬಿಟ್ಟಿದ್ದ ಬಟ್ಟೆ ಅಂಚಿಗೆ ಒಂದೇ ಸೆಂ.ಮೀ. ಹೊಲಿಗೆಗೆ ಅರ್ಧ ಉಳಿಸಿಕೊಂಡರೆ ನಾಲ್ಕು ಅಂಚಿನಿಂದ ಸಿಗುವುದು ಎರಡು ಸೆಂ.ಮೀ. ಅದು ಮೈ ಅಳತೆಗೆ ಮುಟ್ಟುತ್ತದೆ ಅಷ್ಟೆ, ಉಸಿರಾಡಲು ಜಾಗ ಇರುವುದಿಲ್ಲ. ಕೈ ಹೊಲಿಗೆಯ ಟೈಲರುಗಳು ಪಕ್ಕಕ್ಕೆ ಧಾರಾಳವಾಗಿ ಬಟ್ಟೆ ಬಿಡುವುದು ಇಂಥ ಹೊತ್ತಿಗೇ. ತೆರೆಯ ಮೇಲೆ ಕೆಲಸ ಮಾಡುವವರೂ ಆ ರೂಢಿ ಬಿಡಬಾರದು.

ಇದು ಮೊದಲೇ ತಿಳಿಯುತ್ತಿತ್ತು. Strain Map ಹಾಕಿದರೆ ಬಟ್ಟೆ ಹಿಗ್ಗಿದ ಕಡೆ ಬಣ್ಣ ಕೆಂಪಿನ ಕಡೆ ತಿರುಗುತ್ತದೆ. ಹಿಗ್ಗದ ಕಾಟನ್ನಿನಲ್ಲಿ ಎದೆಯ ಸುತ್ತ ಅಂಥ ಪಟ್ಟಿ ಕಂಡರೆ ಪ್ಯಾಟರ್ನ್ ಚಿಕ್ಕದಾಗಿದೆ ಎಂದೇ ತಿಳಿಯಿರಿ. ಆದರೆ ಬಟ್ಟೆಯ ಗುಣ ಸರಿಯಾಗಿ ಕೊಟ್ಟಿದ್ದರೆ ಮಾತ್ರ ಆ ನಕ್ಷೆಯನ್ನು ನಂಬಬಹುದು. ಇಲ್ಲಿ ತಂತ್ರಾಂಶದಲ್ಲಿ ಮೊದಲೇ ಇದ್ದ ಬಟ್ಟೆಯನ್ನೇ ಬದಲಿಸದೆ ಉಳಿಸಿಕೊಂಡಿದ್ದರು. ಬಟ್ಟೆಯ ಗುಣಗಳಲ್ಲಿ ಹಾಸಿಗೆ Stretch-Warp, ಹೊಕ್ಕಿಗೆ Stretch-Weft ಎಂಬ ಎರಡು ಸಂಖ್ಯೆಗಳ ಹೆಸರು ದಾರಿ ತಪ್ಪಿಸುತ್ತದೆ: ಸಂಖ್ಯೆ ಏರಿದಷ್ಟೂ ಬಟ್ಟೆ ಕಡಿಮೆ ಹಿಗ್ಗುತ್ತದೆ. ನಿಮ್ಮ ಬಟ್ಟೆಯಿಂದಲೇ ಹಾಸಿನ ಉದ್ದಕ್ಕೆ, ಹೊಕ್ಕಿನ ಉದ್ದಕ್ಕೆ ಮತ್ತು ಕ್ರಾಸಿಗೆ ಒಂದೊಂದು ಪಟ್ಟಿ ಕತ್ತರಿಸಿ ಕೈಯಲ್ಲಿ ಎಳೆದು ನೋಡಿ. ಹಾಗೆಯೇ ನಡೆದುಕೊಳ್ಳುವ ಬಟ್ಟೆಯನ್ನು ತಂತ್ರಾಂಶದ ಬಟ್ಟೆಗಳ ಪಟ್ಟಿಯಿಂದ ಆರಿಸಿ. ತೂಕಕ್ಕೆ 10 ಸೆಂ.ಮೀ. ಚೌಕದ ತುಂಡು ಸಾಕು: 1.2 ಗ್ರಾಂ ತೂಗಿದರೆ ಚದರ ಮೀಟರಿಗೆ 120 ಗ್ರಾಂ.

ತೋಳಿನಲ್ಲೂ ಇದೇ ಮೋಸ. ಆರ್ಮ್‌ಹೋಲ್ 42 ಸೆಂ.ಮೀ., ತೋಳಿನ ಮೇಲಂಚು 46.5. ತಂತ್ರಾಂಶ ಆ ನಾಲ್ಕೂವರೆಯನ್ನು ಗೆರೆಯುದ್ದಕ್ಕೂ ಹಂಚಿ ಸದ್ದಿಲ್ಲದೆ ಹೊಲಿದುಬಿಟ್ಟಿತು. ಮಿಷಿನ್ನಿನ ಕೆಳಗೆ ಆ ಹೆಚ್ಚುವರಿ ಬಟ್ಟೆ ಭುಜದ ಮೇಲೆ ನೆರಿಗೆಯಾಗಿ ಎದ್ದು ನಿಂತಿತು. ಸೀಮ್ ಹಾಕುವ ಮುಂಚೆ ಎರಡೂ ಗೆರೆಗಳ ಉದ್ದ ಅಳೆಯಿರಿ. ಪಫ್ ಇಲ್ಲದ ಬ್ಲೌಸಿಗೆ ವ್ಯತ್ಯಾಸ ಒಂದೆರಡು ಸೆಂ.ಮೀ. ದಾಟಬಾರದು. ತಂತ್ರಾಂಶದ ಬಟ್ಟೆ ಬಿಂದುಗಳ ಜಾಲರಿ. ಆ ಬಿಂದುಗಳ ಅಂತರ, ಅಂದರೆ Particle Distance, 20 ಇದ್ದಾಗ ಜಾಲರಿ ಒರಟಾಗಿದ್ದು ಇಂಥ ಸಣ್ಣ ನೆರಿಗೆ ಕಾಣುವುದೇ ಇಲ್ಲ. ಕೊನೆಯ ಪರೀಕ್ಷೆಗೆ ಅದನ್ನು 5ಕ್ಕೆ ಇಳಿಸಿ.

ಇಷ್ಟಾದ ಮೇಲೂ ಒಂದನ್ನು ಮಂಜರಪಾಟಿನಲ್ಲಿ ಹೊಲಿದು, ಹುಕ್ಕು ಹಾಕಿಸಿ, ಎರಡೂ ಕೈ ಮೇಲೆತ್ತಿಸಿ ನೋಡಿ. ಉಳಿದ ಬಟ್ಟೆಗೆ ಕತ್ತರಿ ಆಮೇಲೆ.