ಎಸಿಗಿಂತ ಅದರ ಡ್ರೈನ್ ಪೈಪ್ ಬಗ್ಗೆ: ಮಂಗಳೂರಿನ ಮನೆಯಲ್ಲಿ ನಾಲ್ಕು ಬೇಸಿಗೆ ಕಂಡ ಮೇಲೆ

ಮಹಡಿಯ ಮಲಗುವ ಕೋಣೆಗೆ ಒಂದು ಟನ್ನಿನ ಸ್ಪ್ಲಿಟ್ ಎಸಿ ಹಾಕಿಸಿ ನಾಲ್ಕು ಬೇಸಿಗೆ ಕಳೆದವು. ಮಷಿನ್ ಬಗ್ಗೆ ನನಗೆ ದೂರಿಲ್ಲ. ತಂಪು ಮಾಡುತ್ತದೆ, ಸದ್ದಿಲ್ಲ, ಕರೆಂಟ್ ಬಿಲ್ ಹೇಳಿದಷ್ಟೇ ಬರುತ್ತದೆ. ನಾನು ಬರೆಯಲು ಹೊರಟಿದ್ದು ಅದರ ಜೊತೆ 'ಇನ್‌ಸ್ಟಾಲೇಷನ್‌ನಲ್ಲೇ ಬರುತ್ತದೆ' ಎಂದು ಹಾಕಿಹೋದ ನೀರಿನ ಪೈಪ್ ಬಗ್ಗೆ. ನಮ್ಮ ಕೆಳಗಿನ ಹಾಲ್‌ನ ಫಾಲ್ಸ್ ಸೀಲಿಂಗ್ ಹಾಳು ಮಾಡಿದ್ದು ಅದೇ.

ಮೊದಲ ಬೇಸಿಗೆ ಏನೂ ಗೊತ್ತಾಗಲಿಲ್ಲ. ಎರಡನೆಯ ವರ್ಷ ಏಪ್ರಿಲ್‌ನಲ್ಲಿ ಹಾಲ್‌ನ ಸೋಫಾದ ಮೇಲಕ್ಕೆ, ಬಿಳಿ ಸೀಲಿಂಗ್‌ನಲ್ಲಿ ಚಹಾ ಚೆಲ್ಲಿದ ಹಾಗೆ ಒಂದು ದುಂಡು ಕಲೆ ಬಂತು. ನಡುವೆ ತಿಳಿ ಬಣ್ಣ, ಅಂಚಿನಲ್ಲಿ ಕಂದು ಗೆರೆ. ಎರಡು ವಾರಕ್ಕೊಮ್ಮೆ ಹೊರಗೊಂದು ಹೊಸ ಅಂಚು. ಅತ್ತೆ ನೋಡಿದ ಕೂಡಲೇ "ಮೇಲಿನ ಬಾತ್‌ರೂಮ್ ಸೋರ್ತಾ ಉಂಟು" ಎಂದರು. ನಮಗೂ ಹಾಗೇ ಅನಿಸಿತು. ಎಸಿಯಿಂದ ಕೋಣೆಯೊಳಗೆ ಒಂದು ಹನಿಯೂ ಬಿದ್ದಿರಲಿಲ್ಲವಲ್ಲ! ಬಾತ್‌ರೂಮಿನ ಟೈಲ್ಸ್ ಸಂದುಗಳಿಗೆ ಎಪಾಕ್ಸಿ ತುಂಬಿಸಿದೆವು, ಅದಕ್ಕೆ 6,000 ರೂಪಾಯಿ ಹೋಯಿತು. ಕಲೆ ಬೆಳೆಯುತ್ತಲೇ ಇತ್ತು.

ಅನುಮಾನ ತಿರುಗಿದ್ದು ಮಳೆಗಾಲದಲ್ಲಿ. ಜುಲೈ ತಿಂಗಳು, ಹೊರಗೆ ಜಡಿಮಳೆ, ಬಾತ್‌ರೂಮ್ ಬಳಕೆ ಎಂದಿನಂತೆ, ಆದರೆ ಕಲೆ ಒಣಗಿತ್ತು. ಆಗ ನಾವು ಎಸಿ ಹಾಕುತ್ತಿರಲಿಲ್ಲ. ಅಕ್ಟೋಬರ್ ಸೆಕೆಗೆ ಎಸಿ ಶುರುವಾಯಿತು, ಕಲೆ ಮತ್ತೆ ಒದ್ದೆಯಾಯಿತು.

ನಮ್ಮ ಪರಿಚಯದ ಪ್ಲಂಬರ್ ಒಬ್ಬರು ಬಂದು ಒಂದು ಸರಳ ಪರೀಕ್ಷೆ ಮಾಡಿದರು. "ಅಕ್ಕಾ, ಬಟ್ಟೆಗೆ ಹಾಕುವ ನೀಲಿ ಉಂಟಾ?" ಎಂದು ಕೇಳಿ, ಎರಡು ಲೀಟರ್ ನೀರಿಗೆ ಅದನ್ನು ಬೆರೆಸಿದರು. ಎಸಿ ಆಫ್ ಮಾಡಿ, ಮುಂದಿನ ಮುಚ್ಚಳ ತೆಗೆದು, ಒಳಗಿನ ಟ್ರೇಗೆ ನಿಧಾನಕ್ಕೆ ಹೊಯ್ದರು. ಪೈಪಿನ ಆಚೆ ತುದಿ ಯುಟಿಲಿಟಿಯಲ್ಲಿ ವಾಷಿಂಗ್ ಮಷಿನ್‌ನ ವೇಸ್ಟ್ ಪೈಪಿನೊಳಗೆ ಸಿಕ್ಕಿಸಿತ್ತು, ಅದನ್ನು ಎಳೆದು ಬಕೆಟ್‌ಗೆ ಬಿಟ್ಟಿದ್ದೆವು. ಬಕೆಟ್‌ಗೆ ಬಂದದ್ದು ಒಂದು ಲೀಟರ್‌ಗಿಂತ ಸ್ವಲ್ಪ ಹೆಚ್ಚು. ಅರ್ಧ ಗಂಟೆಯಲ್ಲಿ ಹಾಲ್‌ನ ಕಲೆಯ ನಡುವೆ ನೀಲಿ ಚುಕ್ಕೆ ಮೂಡಿತು. ಇಷ್ಟಕ್ಕಾಗಿ ಆರು ತಿಂಗಳು ಬಾತ್‌ರೂಮನ್ನು ದೂರಿದ್ದೆವು.

ಸೀಲಿಂಗ್‌ನಲ್ಲಿ ಒಂದು ಅಡಿ ಚೌಕ ಕೊಯ್ದು ನೋಡಿದಾಗ ಕಾರಣ ಕಣ್ಣೆದುರೇ ಇತ್ತು. ಎಸಿಯಿಂದ ಗೋಡೆಯೊಳಗೆ ಇಳಿದುಬಂದದ್ದು ಗಟ್ಟಿ ಪಿವಿಸಿ ಪೈಪ್, ಸರಿಯಾಗಿಯೇ ಇತ್ತು. ಅದು ಹಾಲ್‌ನ ಫಾಲ್ಸ್ ಸೀಲಿಂಗ್ ಒಳಗೆ ಬಂದು ತಿರುಗುವಲ್ಲಿಂದ ಯುಟಿಲಿಟಿ ತನಕ, ಐದು ಮೀಟರ್ ದೂರ, ಸುಕ್ಕುಸುಕ್ಕಾದ ಬಿಳಿ ಫ್ಲೆಕ್ಸಿಬಲ್ ಪೈಪನ್ನು ಸೀಲಿಂಗ್‌ನ ಚಾನಲ್‌ಗಳ ಮೇಲೆ ಸುಮ್ಮನೆ ಮಲಗಿಸಿದ್ದರು. ಎರಡು ಸೇರುವಲ್ಲಿ ಗಮ್ ಇಲ್ಲ, ಬರೀ ಟೇಪ್ ಸುತ್ತಿದ್ದರು. ಚಾನಲ್‌ನಿಂದ ಚಾನಲ್‌ಗೆ ಪೈಪ್ ಜೋತುಬಿದ್ದು ಮೂರು ಕಡೆ ಹೊಟ್ಟೆ ಬಿಟ್ಟಿತ್ತು, ಒಂದೊಂದು ಸುಮಾರು ನಾಲ್ಕು ಸೆಂ.ಮೀ. ಆಳ.

ಆ ಹೊಟ್ಟೆಗಳಿಂದ ಏನಾಗುತ್ತದೆ ಎಂಬುದು ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಒಂದೇ ಹೊಟ್ಟೆ ಇದ್ದರೆ ಅದು ತುಂಬಿ, ಮುಂದಿನ ನೀರು ಅದರ ಮೇಲಿಂದ ದಾಟಿ ಹೋಗುತ್ತದೆ. ಎರಡು ಮೂರು ಇದ್ದರೆ ತುಂಬಿದ ಒಂದು ಹೊಟ್ಟೆಗೂ ಇನ್ನೊಂದಕ್ಕೂ ನಡುವೆ ಗಾಳಿ ಸಿಕ್ಕಿಬೀಳುತ್ತದೆ, ಹೊರಗೆ ಹೋಗಲು ಅದಕ್ಕೆ ದಾರಿಯಿಲ್ಲ. ಹಿಂದಿನಿಂದ ಬರುವ ನೀರು ಒಂದೊಂದು ಹೊಟ್ಟೆಯ ನೀರನ್ನೂ ಬೇರೆ ಬೇರೆಯಾಗಿ ಮೇಲಕ್ಕೆ ತಳ್ಳಬೇಕು, ಆ ಎತ್ತರಗಳೆಲ್ಲ ಕೂಡುತ್ತವೆ. ನಾಲ್ಕು ಸೆಂ.ಮೀ.ನ ಮೂರು ಹೊಟ್ಟೆ ಎಂದರೆ ಹೆಚ್ಚೂಕಡಿಮೆ 12 ಸೆಂ.ಮೀ. ಅಷ್ಟು ನೀರು ಗೋಡೆಯೊಳಗಿನ ನೇರ ಪೈಪಿನಲ್ಲಿ ನಿಂತ ಮೇಲೆಯೇ ಮುಂದಕ್ಕೆ ಹರಿಯುವುದು. ಎಸಿ ಮಹಡಿಯಲ್ಲಿ, ಎರಡು ಮೀಟರ್‌ಗೂ ಹೆಚ್ಚು ಮೇಲೆ ಇರುವುದರಿಂದ ಟ್ರೇ ತುಂಬುವ ಮಾತೇ ಇಲ್ಲ, ಕೋಣೆಯಲ್ಲಿ ಹನಿ ಬೀಳಲಿಲ್ಲ. ನಿಂತ ನೀರಿನ ಭಾರವೆಲ್ಲ ಬಿದ್ದದ್ದು ಬುಡದ ಆ ಟೇಪಿನ ಮೇಲೆ. ಪೈಪ್ ನೇರವಾಗಿ ಎಸಿಯ ಮಟ್ಟದಲ್ಲೇ ಹೊರಗೆ ಹೋಗುವ ಮನೆಗಳಲ್ಲಾದರೆ ಇದೇ ತಪ್ಪಿಗೆ ನೀರು ಎಸಿಯ ಮುಂದಿನಿಂದ ಗೋಡೆಗಿಳಿಯುತ್ತದೆ, ಬೇಗ ಗೊತ್ತಾಗುತ್ತದೆ.

ಹೊಟ್ಟೆಗಳೊಳಗೆ ಇನ್ನೊಂದೂ ಇತ್ತು: ನುಂಗಿನ ತಿರುಳಿನ ಹಾಗೆ ಜೋಲುವ ಲೋಳೆ. ಎಸಿಯ ನೀರಿನೊಂದಿಗೆ ಕೋಣೆಯ ಧೂಳೂ ಬರುತ್ತದೆ, ನಿಂತ ಕಡೆ ಪಾಚಿ ಹಿಡಿಯುತ್ತದೆ. ಸುಕ್ಕುಪೈಪಿನ ಒಂದೊಂದು ಸುಕ್ಕೂ ಅದಕ್ಕೆ ಮನೆ.

ತುದಿಯ ಕೆಲಸವೂ ತಪ್ಪಾಗಿತ್ತು. ವಾಷಿಂಗ್ ಮಷಿನ್ ನೀರು ಬಿಡುವಾಗ ಪಂಪಿನ ರಭಸಕ್ಕೆ ಸಾಬೂನು ನೀರು ಈ ಪೈಪಿನೊಳಕ್ಕೆ ಹಿಂದಕ್ಕೆ ನುಗ್ಗುತ್ತಿತ್ತು. ರಾತ್ರಿ ಎಸಿ ಹಾಕುವ ಮೊದಲು ಕೋಣೆಯಲ್ಲಿ ಚರಂಡಿ ವಾಸನೆ ಬರುತ್ತಿದ್ದುದಕ್ಕೂ ಅದೇ ಕಾರಣ, ನಾವು ಫಿಲ್ಟರ್ ತೊಳೆತೊಳೆದು ಸಾಕಾಗಿದ್ದೆವು. ಹಾಕಿದವರನ್ನು ಫೋನಿನಲ್ಲಿ ಕೇಳಿದರೆ "ನೀರು ಹೋಗ್ತದೆ ಅಲ್ವಾ ಮೇಡಂ, ಎಲ್ಲರ ಮನೆಯಲ್ಲೂ ಹಾಗೇ ಮಾಡುವುದು" ಎಂದರು. ಆ ಮಾತಿಗೆ ನನಗೆ ಇವತ್ತಿಗೂ ಸಿಟ್ಟಿದೆ.

ಹೊಸದಾಗಿ ಮಾಡಿಸಿದ್ದು ಹೀಗೆ. ಐದು ಮೀಟರಿಗೂ 25 ಮಿ.ಮೀ. ಗಟ್ಟಿ ಪಿವಿಸಿ ಪೈಪ್. ಮೀಟರಿಗೆ ಒಂದು ಸೆಂ.ಮೀ. ಇಳಿಜಾರು ಸಿಕ್ಕಿದರೆ ನೀರು ಹರಿಯುತ್ತದೆ, ಆದರೆ ಅದು ಕನಿಷ್ಠ. ಒಂದು ಕ್ಲ್ಯಾಂಪ್ ಸ್ವಲ್ಪ ಸಡಿಲಾದರೆ ಸಮತಟ್ಟಾಗಿಬಿಡುತ್ತದೆ. ನಮ್ಮಲ್ಲಿ ಸ್ಲ್ಯಾಬ್‌ಗೂ ಜಿಪ್ಸಮ್ ಹಲಗೆಗೂ ನಡುವೆ 18 ಸೆಂ.ಮೀ. ಜಾಗವಿತ್ತು. ಹಾಗಾಗಿ ಮೀಟರಿಗೆ ಎರಡರಂತೆ ಒಟ್ಟು 10 ಸೆಂ.ಮೀ. ಇಳಿಸಿದೆವು. ಪ್ಲಂಬರ್ ಕಣ್ಣಳತೆ ನಂಬಲಿಲ್ಲ. ಗಾರೆ ಕೆಲಸದವರು ವಾಟ ನೋಡುವ ಹಾಗೆ ಪಾರದರ್ಶಕ ಟ್ಯೂಬಿಗೆ ನೀರು ತುಂಬಿ ಎರಡೂ ತುದಿಯಲ್ಲಿ ಒಂದೇ ಮಟ್ಟ ಗುರುತು ಮಾಡಿ, ಒಂದು ತುದಿಯಲ್ಲಿ 10 ಸೆಂ.ಮೀ. ಕೆಳಗೆ ದಾರ ಕಟ್ಟಿ, ಆ ದಾರದ ಸಾಲಿಗೇ ಮುಕ್ಕಾಲು ಮೀಟರಿಗೊಂದು ಕ್ಲ್ಯಾಂಪ್ ಸ್ಲ್ಯಾಬಿಗೆ ಹೊಡೆದರು. ನೇರ ಪೈಪ್ ತಿರುಗುವಲ್ಲಿ ಒಂದೇ ಚೂಪು ಎಲ್ಬೋ ಬದಲು ಎರಡು ಅರ್ಧ ಬೆಂಡ್, ಅದರ ಪಕ್ಕ ಮುಚ್ಚಳವಿರುವ, T ಆಕಾರದ ಒಂದು ಟೀ ಜೋಡಣೆ. ಕೊಯ್ದ ಒಂದು ಅಡಿ ಚೌಕವನ್ನು ಮುಚ್ಚದೆ ತೆರೆಯುವ ಬಾಗಿಲು ಮಾಡಿದೆವು. ಎಲ್ಲ ಸೇರಿ, ಸೀಲಿಂಗ್ ರಿಪೇರಿ ಮತ್ತು ಬಣ್ಣವೂ ಸೇರಿ, 4,800 ರೂಪಾಯಿ.

ಬಣ್ಣದ ವಿಷಯ ಹೇಳಲೇಬೇಕು. ಒಣಗಿದ ಕಲೆಯ ಮೇಲೆ ಮೊದಲು ನೇರ ಎಮಲ್ಷನ್ ಹೊಡೆಸಿದೆವು. ಮೂರನೇ ದಿನ ಕಂದು ಅಂಚು ಹೊಸ ಬಣ್ಣದ ಮೇಲೇ ಮೂಡಿತು. ನೀರಿನ ಬಣ್ಣ ಕಲೆಯನ್ನು ಕರಗಿಸಿ ಮೇಲಕ್ಕೆ ತರುತ್ತದೆ. ಪೂರ್ತಿ ಒಣಗಿಸಿ, ಆಯಿಲ್ ಪ್ರೈಮರ್ ಒಂದು ಕೋಟ್ ಹೊಡೆದು, ಆಮೇಲೆ ಎಮಲ್ಷನ್ ಹಾಕಿದಾಗ ನಿಂತಿತು.

ಇಲ್ಲಿಗೆ ಐದಕ್ಕೆ ಐದು ನಕ್ಷತ್ರ ಕೊಡಬಹುದಿತ್ತು. ಆದರೆ ಮೂರನೇ ವರ್ಷದ ಮೇ ತಿಂಗಳಲ್ಲಿ ಮತ್ತೆ ಕಲೆ! ಈ ಸಲ ದುಂಡಗಿರಲಿಲ್ಲ. ಪೈಪ್ ಹೋದ ದಾರಿಯುದ್ದಕ್ಕೂ ಸಾಲಾಗಿ ಸಣ್ಣ ಸಣ್ಣ ಚುಕ್ಕೆಗಳು. ನೀಲಿ ಹೊಯ್ದರೆ ಹೊಯ್ದಷ್ಟೂ ಬಕೆಟ್‌ಗೆ ಬಂತು, ಸೀಲಿಂಗ್‌ನಲ್ಲಿ ನೀಲಿ ಇಲ್ಲ. ಬಾಗಿಲು ತೆಗೆದು ಕೈ ಹಾಕಿ ನೋಡಿದೆ. ಪೈಪಿನ ಹೊರಮೈ ಫ್ರಿಜ್‌ನಿಂದ ತೆಗೆದ ಬಾಟಲಿಯಂತೆ ಬೆವರಿತ್ತು. ಒಳಗೆ ಹರಿಯುವುದು ತಣ್ಣನೆ ನೀರು, ಹೊರಗೆ ಫಾಲ್ಸ್ ಸೀಲಿಂಗ್‌ನೊಳಗೆ ನಮ್ಮ ಕರಾವಳಿಯ ಮೇ ತಿಂಗಳ ಗಾಳಿ. ಸೋರದ ಪೈಪೂ ಸೀಲಿಂಗ್ ಒದ್ದೆ ಮಾಡುತ್ತದೆ ಮಾರಾಯ್ರೆ. ಒಣ ಹವೆಯ ಊರಿನವರಿಗೆ ಇದು ಅಷ್ಟಾಗಿ ಬಾಧಿಸಲಿಕ್ಕಿಲ್ಲ, ಮಂಗಳೂರು, ಉಡುಪಿ, ಕಾರವಾರದವರು ಮೊದಲೇ ನೋಡಿಕೊಳ್ಳಬೇಕು. ಎಸಿಯ ಗ್ಯಾಸ್ ಪೈಪಿಗೆ ಹಾಕುವ ಕಪ್ಪು ನೈಟ್ರೈಲ್ ಫೋಮ್, 9 ಮಿ.ಮೀ. ದಪ್ಪದ್ದು, ಪೂರ್ತಿ ಉದ್ದಕ್ಕೆ ತೊಡಿಸಿ, ಸೀಳಿದ ಅಂಚು ಮತ್ತು ಬೆಂಡ್‌ಗಳ ಸಂದು ಗಮ್ ಹಾಕಿ ಮುಚ್ಚಿಸಿದೆ. ಕ್ಲ್ಯಾಂಪ್ ಫೋಮ್‌ನ ಮೇಲೆ ಬರಬೇಕು, ಅದನ್ನು ಹಿಂಡಬಾರದು, ಹಿಂಡಿದ ಕಡೆ ಮತ್ತೆ ಬೆವರುತ್ತದೆ. ಇದಕ್ಕೆ ಇನ್ನೊಂದು 1,300. ಮೊದಲ ಸಲವೇ ಹಾಕಿಸಿದ್ದರೆ ಎರಡನೇ ಸಲ ಬಣ್ಣದ ಖರ್ಚು ಉಳಿಯುತ್ತಿತ್ತು.

ಅಲ್ಲಿಂದ ಈಚೆಗೆ ಸೀಲಿಂಗ್ ಬೆಳ್ಳಗಿದೆ. ಜೊತೆಗೆ ನಿರೀಕ್ಷಿಸದ ಒಂದು ಖುಷಿ ಸಿಕ್ಕಿತು. ಪೈಪಿನ ತುದಿ ಈಗ ಯುಟಿಲಿಟಿಯ ನೆಲದ ಜಾಲರಿಯ ಮೇಲೆ ಐದು ಸೆಂ.ಮೀ. ಎತ್ತರದಲ್ಲಿ, ತೆರೆದ ಗಾಳಿಯಲ್ಲಿ ನಿಂತಿದೆ, ಯಾವ ಚರಂಡಿಗೂ ಸೇರಿಲ್ಲ. ಬೇಸಿಗೆಯಲ್ಲಿ ಅದಕ್ಕೊಂದು ಸಣ್ಣ ಬೆಂಡ್ ಸಿಕ್ಕಿಸಿ ಪಕ್ಕದ ಮೆಟ್ಟಿಲಿನ ತಗ್ಗಿನಲ್ಲಿಟ್ಟ ಬಕೆಟ್‌ಗೆ ಬಿಡುತ್ತೇನೆ. ತುದಿ ಬಕೆಟ್‌ನ ಅಂಚಿಗಿಂತ ಮೇಲೇ ಇರಬೇಕು, ನೀರಿನೊಳಗೆ ಮುಳುಗಿದರೆ ಗಾಳಿ ಕಟ್ಟುತ್ತದೆ. ರಾತ್ರಿ ನೀರು ಕುಡಿಯಲು ಎದ್ದಾಗ ಟಪ್ ಟಪ್ ಸದ್ದು ಕೇಳಿದರೆ ಎಲ್ಲ ಸರಿ ಇದೆ ಎಂದರ್ಥ. ಎಸಿ ಓಡುತ್ತಾ ಗಂಟೆಯಾದರೂ ಸದ್ದಿಲ್ಲದಿದ್ದರೆ ಎದ್ದು ನೋಡುತ್ತೇನೆ. ಒಮ್ಮೆ ಹಾಗೆ ನೋಡಿದಾಗ ಕುಂಬಾರ ಹುಳ ಪೈಪಿನ ಬಾಯಿಗೆ ಮಣ್ಣಿನ ಗೂಡು ಕಟ್ಟಿತ್ತು. ಮಳೆಗಾಲದಲ್ಲಿ ಎಸಿ ನಿಲ್ಲಿಸಿದಾಗ ಬಾಯಿಗೊಂದು ತೆಳು ಬಟ್ಟೆ ಕಟ್ಟಿ, ಮತ್ತೆ ಶುರು ಮಾಡುವ ದಿನ ನೆನಪಿಟ್ಟು ಬಿಚ್ಚುತ್ತೇನೆ.

ಮೇ ತಿಂಗಳ ಒಂದು ರಾತ್ರಿಗೆ, 25 ಡಿಗ್ರಿಯಲ್ಲಿ ಎಂಟು ಗಂಟೆ ಓಡಿದರೆ, ಸುಮಾರು ಎಂಟು ಲೀಟರ್ ಸಿಗುತ್ತದೆ. ಬೆಳಿಗ್ಗೆ ಕಾಫಿಗೆ ಮೊದಲು ಅತ್ತೆ ಆ ಬಕೆಟ್ ಎತ್ತಿಕೊಂಡು ಹೋಗಿ ಮಲ್ಲಿಗೆ ಗಿಡಗಳಿಗೆ ಹೊಯ್ಯುತ್ತಾರೆ, ಉಳಿದದ್ದು ನೆಲ ಒರೆಸಲು. ಪಕ್ಕದ ಮನೆಯವರು ಇನ್ವರ್ಟರ್ ಬ್ಯಾಟರಿಗೆ ಕೇಳಿದ್ದರು, ಕೊಡಲಿಲ್ಲ. ನೋಡಲು ಶುದ್ಧವಾಗಿದ್ದರೂ ಕಾಯಿಲ್‌ನ ಮೇಲಿನ ಧೂಳು, ಲೋಹದ ಅಂಶ ತೊಳೆದುಕೊಂಡು ಬಂದ ನೀರು ಅದು, ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಬೇಕು.

ಎರಡು ತಿಂಗಳಿಗೊಮ್ಮೆ ಟೀಯ ಮುಚ್ಚಳ ತೆಗೆದು ಒಂದು ಲೀಟರ್ ಉಗುರು ಬೆಚ್ಚಗಿನ ನೀರು ಹೊಯ್ದು, ಆಚೆ ತುದಿಯಲ್ಲಿ ಅಷ್ಟೂ ಬರುತ್ತದೆಯೇ ಎಂದು ಅಳೆಯುತ್ತೇನೆ. ಲೋಳೆ ಕಂಡರೆ ತುದಿಯಿಂದ ವೆಟ್ ವ್ಯಾಕ್ಯೂಮ್‌ನಲ್ಲಿ ಎಳೆಯುವುದು. ಬ್ಲೀಚ್ ಎಸಿಯ ಟ್ರೇಗೆ ಹಾಕುವುದಿಲ್ಲ, ಅಲ್ಲೇ ಮೇಲಿರುವ ಅಲ್ಯೂಮಿನಿಯಂ ರೆಕ್ಕೆಗಳನ್ನು ಅದು ತಿನ್ನುತ್ತದೆ.

ಎಸಿಗೆ ನಾಲ್ಕೂವರೆ ನಕ್ಷತ್ರ. ಮೊದಲು ಹಾಕಿದ ಪೈಪಿಗೆ ಒಂದು. ಈಗಿನ ಪೈಪಿಗೆ ಐದು. ಹಾಲ್‌ಗೂ ಇನ್ನೊಂದು ಎಸಿ ತರುವ ಮಾತು ನಡೆದಿದೆ. ಅದರ ಪೈಪ್ ಫಾಲ್ಸ್ ಸೀಲಿಂಗ್‌ಗಿಂತ ಕೆಳಗೆ ಬರುವುದರಿಂದ ನೇರ ಹೊರಗೋಡೆಗೇ ತೂತು ಕೊರೆಯಬೇಕು, ತೂತು ಹೊರಗಡೆಗೆ ಒಂದು ಸೆಂ.ಮೀ. ತಗ್ಗಾಗಿರಬೇಕು. ಕೊರೆಯುವ ದಿನ ಟ್ಯೂಬ್ ಲೆವೆಲ್ ಹಿಡಿದುಕೊಂಡು ಪಕ್ಕದಲ್ಲೇ ನಿಲ್ಲುತ್ತೇನೆ.